ಹೆಪ್ಪಾಗದ ಹಾಲು

ಡೈರಿಯಲ್ಲಿ ಕುರಿಹಾಲು ಹೆಪ್ಪಾಗದೇ ಹೋದ ಮೊದಲ ದಿನ ವೆಲಿಕಾ ತನ್ನ ಕೈಯನ್ನೇ ಬೈದುಕೊಂಡಳು. ಹಾಲು ಆರುವ ಮೊದಲೇ ಹೆಪ್ಪು ಹಾಕಿ ಸುಟ್ಟುಬಿಟ್ಟೆನೇನೋ ಅನ್ನಿಸಿತು. ಮಾರನೆಯ ದಿನ ಮುದುಕ ಸ್ತಾಮೆನ್ ಅವಳನ್ನು ಪಕ್ಕಕ್ಕೆ ಸರಿಸಿ, ತಾನೇ ಕಿರುಬೆರಳದ್ದಿ ಬಿಸಿ ನೋಡಿದ. ತಾನೇ ಹೆಪ್ಪು ಕದಡಿ, ಮಡಕೆಗಳಿಗೆಲ್ಲ ಕಂಬಳಿ ಹೊದಿಸಿದ. ಮಧ್ಯಾಹ್ನ ಕಂಬಳಿ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಹುಳಿಯ ಸುಳಿವೂ ಇಲ್ಲ.

"ಇದೇನು ಕರ್ಮ ಹುಡುಗೀ! ಮೇ ತಿಂಗಳ ಕುರಿಹಾಲು ಅಂದ್ರೆ ಚಾಕುವಲ್ಲಿ ಕೊಯ್ಯೋ ಹಾಗೆ ಗಟ್ಟಿಯಾಗ್ಬೇಕು," ಎಂದು ಮುದುಕ ಮಡಕೆಯ ಅಂಚು ಹಿಡಿದು ನಿಂತೇಬಿಟ್ಟ.

ಆ ಡೈರಿ ಒಂದು ಕಾಲಕ್ಕೆ ಅವನದೇ. ಬೆಟ್ಟದ ಹಳ್ಳಿಗಳ ಕುರಿಗಳೆಲ್ಲ ಸರ್ಕಾರದ ಅಪ್ಪಣೆಯಂತೆ ಸಹಕಾರಿ ಸಂಘದ ಪಾಲಾದಾಗ ಡೈರಿಯೂ ಪಾಲಾಯಿತು. ಸ್ತಾಮೆನ್ ತನ್ನದೇ ಡೈರಿಯಲ್ಲಿ ಆಳಾದ. ಆದರೂ ಊರಿನ ಬಾಯಲ್ಲಿ ಅವನು 'ಚಿಚೋ', ಎಲ್ಲರ ಚಿಕ್ಕಪ್ಪ. ಪಟ್ಟಣದ ಡೈರಿ ಶಾಲೆಯಲ್ಲಿ ಓದಿ ಬಂದ ವೆಲಿಕಾಳಿಗೆ ಕೆಲಸ ಕಲಿಸಿದವನೂ ಅವನೇ.

ಕೆಳಗಿನ ಸೀಸದ ಗಣಿಯವರ ಊಟದ ಮನೆಗೆ ಮೊಸರು ಹೋಗಬೇಕು. ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಸಂಘದ ಅಧ್ಯಕ್ಷ ಮಿಂಚೆವ್ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿ, "ಹೆಪ್ಪು ಯಾರ ಕೈಲಿರುತ್ತೆ?" ಎಂದಷ್ಟೇ ಕೇಳಿದ. ಆ ಕಾಲದಲ್ಲಿ ಅಂಥ ಪ್ರಶ್ನೆಗೆ ಪೊಲೀಸರ ಬಾಲ ಇರುತ್ತಿತ್ತು. ಸ್ತಾಮೆನ್ ಕೈ ಒರೆಸಿಕೊಳ್ಳುತ್ತ, "ನನ್ನ ಕೈಲೇ," ಎಂದ.

ಆ ಸಂಜೆ ವೆಲಿಕಾ ಗಂಡನ ಮುಂದೆ ಸೂಪು ಬಡಿಸಿಟ್ಟು ಕುಳಿತಳು. ಗಂಡ ತಾನ್ಯೊ ಸಂಘದ ಪಶುವೈದ್ಯ. ಒಳ್ಳೆಯವನೇ, ಆದರೆ ಗಾಳಿ ಬಂದ ಕಡೆ ಬೆನ್ನು ತಿರುಗಿಸುವ ಜಾತಿ.

"ಕುರಿಹಿಂಡಿಗೆ ಏನಾದ್ರೂ ಕೊಟ್ಟಿದ್ದೀಯಾ?"

ಅವನು ಬ್ರೆಡ್ ಮುರಿಯುತ್ತಲೇ ಇದ್ದ. "ಕೆಚ್ಚಲು ಬಾವು ಬಂದಿತ್ತು. ಒಂದಕ್ಕಲ್ಲ, ಅರ್ಧ ಹಿಂಡಿಗೆ. ಹೊಸ ಔಷಧಿ ಬಂದಿತ್ತಲ್ಲ, ಪೆನಿಸಿಲಿನ್, ಅದನ್ನೇ ಕೆಚ್ಚಲಿಗೆ ಬಿಟ್ಟೆ."

"ಆ ಹಾಲನ್ನ ಚೆಲ್ಲಿದ್ರಾ?"

"ಚೆಲ್ಬೇಕು ಅಂತ ನಾನು ಹೇಳಿದ್ದೆ. ಮಿಂಚೆವ್ ಕೇಳ್ಲಿಲ್ಲ. ಒಂದು ಹನಿ ನೆಲಕ್ಕೆ ಬಿದ್ರೂ ನಿನ್ನ ಚರ್ಮ ಸುಲೀತೀನಿ ಅಂದ. ಕಾಯಿಸಿದ್ರೆ ಹೋಗುತ್ತೆ ಅಂದ್ಕೊಂಡೆ."

"ಕಾಯಿಸಿದ್ರೆ ಹೋಗಲ್ಲ ತಾನ್ಯೊ!" ವೆಲಿಕಾಳಿಗೆ ಈಗ ಎಲ್ಲ ಅರ್ಥವಾಯಿತು. ಹೆಪ್ಪೆಂದರೆ ಬರೀ ಹುಳಿಯಲ್ಲ, ಅದರಲ್ಲಿ ಜೀವವಿದೆ. ಕಣ್ಣಿಗೆ ಕಾಣದ ಕೋಟಿ ಜೀವಿಗಳು ಬೆಚ್ಚನೆ ಹಾಲಿಗೆ ಇಳಿದು, ಅದರ ಸಕ್ಕರೆಯನ್ನು ತಿಂದು ಹುಳಿಯನ್ನು ಬಿಡುತ್ತವೆ. ಹುಳಿ ಏರಿದಂತೆ ಹಾಲಿನ ಪ್ರೋಟೀನು ಒಂದಕ್ಕೊಂದು ಅಂಟಿ, ನೀರನ್ನು ಹಿಡಿದಿಟ್ಟುಕೊಂಡು, ಬಲೆಯ ಹಾಗೆ ನಿಲ್ಲುತ್ತದೆ. ಅದೇ ಮೊಸರು. ಕೆಚ್ಚಲಿನ ರೋಗಾಣುವನ್ನು ಕೊಲ್ಲಲು ಬಂದ ಮದ್ದಿಗೆ ರೋಗಾಣು ಯಾವುದು, ಹೆಪ್ಪಿನ ಜೀವ ಯಾವುದು ಎಂಬ ಭೇದವಿಲ್ಲ. "ಹೆಪ್ಪು ಹಾಲಿಗೆ ಬಿದ್ದ ಕೂಡಲೇ ಸಾಯ್ತಿದೆ. ನಾಳೆ ನೀನು ಬಂದು ಹೇಳ್ಬೇಕು. ಇಲ್ಲದಿದ್ರೆ ಚಿಚೋ ತಲೆಗೆ ಬರುತ್ತೆ."

"ಹೇಳ್ತೀನಿ," ಎಂದ ತಾನ್ಯೊ. ಸೂಪು ಹಾಗೇ ಬಿಟ್ಟು ಎದ್ದ.

ಬೆಳಿಗ್ಗೆ ಪಟ್ಟಣದಿಂದ ಚರ್ಮದ ಕೋಟಿನ ಇಬ್ಬರು ಗುಪ್ತ ಪೊಲೀಸರು ಜೀಪಿನಲ್ಲಿ ಬಂದಿಳಿದರು. ಅವರು ಬರುವ ಮೊದಲೇ ವೆಲಿಕಾ ಎರಡು ಜಾಡಿ ಸಿದ್ಧಮಾಡಿದ್ದಳು. ಒಂದರಲ್ಲಿ ಹಿಂಡಿನ ಹಾಲು, ಇನ್ನೊಂದರಲ್ಲಿ ನೆರೆಮನೆಯ ಆಡಿನ ಹಾಲು. ಎರಡನ್ನೂ ಕಾಯಿಸಿ, ಒಂದೇ ಹದಕ್ಕೆ ಆರಿಸಿ, ಸ್ತಾಮೆನ್ನನ ಒಂದೇ ಹೆಪ್ಪನ್ನು ಹಾಕಿ, ಒಂದೇ ಕಂಬಳಿಯಲ್ಲಿ ಸುತ್ತಿದ್ದಳು. ಸಂಘದ ಕಚೇರಿಯಲ್ಲಿ ಸ್ತಾಮೆನ್ನನ ವಿಚಾರಣೆ ಎಳೆಯಿತು. ಮಧ್ಯಾಹ್ನ ದಾಟಿದ ಮೇಲೆ ಅವಳು ಜಾಡಿಗಳನ್ನು ಕಚೇರಿಯ ಮೇಜಿನ ಮೇಲೆ ತಂದಿಟ್ಟಳು. ಆಡಿನ ಹಾಲು ಮೆತ್ತಗೆ, ಆದರೆ ನಿಚ್ಚಳವಾಗಿ ಮೊಸರಾಗಿತ್ತು. ಹಿಂಡಿನ ಹಾಲು ಅಲುಗಾಡಿಸಿದರೆ ತುಳುಕುತ್ತಿತ್ತು. ಅವಳು ಅದಕ್ಕೆ ಸ್ವಲ್ಪ ವಿನೆಗರ್ ಸುರಿದಳು. ಹಾಲು ಚೂರುಚೂರಾಗಿ ಒಡೆಯಿತು.

"ನೋಡಿ ಕಾಮ್ರೇಡ್. ಹುಳಿ ಸಿಕ್ಕಿದ್ರೆ ಈ ಹಾಲೂ ಗಟ್ಟಿಯಾಗುತ್ತೆ. ಹೆಪ್ಪೂ ಜೀವಂತವಾಗಿದೆ, ಆಡಿನ ಹಾಲನ್ನ ಮೊಸರು ಮಾಡಿದೆ. ಹಿಂಡಿನ ಹಾಲಲ್ಲಿ ಮಾತ್ರ ಹುಳಿ ಮಾಡೋ ಜೀವ ಸಾಯ್ತಿದೆ. ಕುರಿಗೆ ಹಾಕಿದ ಔಷಧಿ ಹಾಲಿಗೆ ಇಳಿದಿದೆ."

ಚರ್ಮದ ಕೋಟಿನವರಲ್ಲಿ ಒಬ್ಬ ತಾನ್ಯೊನತ್ತ ತಿರುಗಿದ. "ಔಷಧಿ ಹಾಕಿದ್ದು ಹೌದಾ ಡಾಕ್ಟರೇ?"

ತಾನ್ಯೊ ಮಿಂಚೆವ್‌ನ ಮುಖ ನೋಡಿದ. ಮಿಂಚೆವ್ ಸಿಗರೇಟು ಹಚ್ಚುತ್ತಿದ್ದ.

"ಕೆಲವು ಕುರಿಗೆ ಹಾಕಿದ್ದೆ," ಎಂದ ತಾನ್ಯೊ. "ಅವುಗಳ ಹಾಲು ಚೆಲ್ಲಿಸಿದೀನಿ."

ವೆಲಿಕಾ ಅವನತ್ತ ತಿರುಗಿದಳು. "ತಾನ್ಯೊ!"

ಮಿಂಚೆವ್ ಎದ್ದು ಬಂದು ಆಡಿನ ಮೊಸರಿನ ಜಾಡಿಗೆ ಚಮಚ ಹಾಕಿದ. ಒಂದು ಬಾಯಿ ತಿಂದ. ತುಟಿ ಒರೆಸಿಕೊಂಡ.

"ಚೆನ್ನಾಗಿದೆ. ಅಂದ್ರೆ ಮನಸ್ಸು ಮಾಡಿದಾಗ ಇವರಿಗೆ ಮೊಸರು ಮಾಡೋಕೆ ಬರುತ್ತೆ. ಯಾರದೋ ಮನೆ ಆಡಿನ ಹಾಲು ಹೆಪ್ಪಾಗುತ್ತೆ, ಜನರ ಹಿಂಡಿನ ಹಾಲು ಆಗಲ್ಲ. ಬೇಕಂತಲೇ ಕೆಡಿಸ್ತಿದ್ದಾರೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?"

ಅವಳು ಮತ್ತೆ ಬಾಯಿ ತೆರೆದಳು. ಮೂಲೆಯ ಬೆಂಚಿನ ಮೇಲೆ ಕೂತಿದ್ದ ಸ್ತಾಮೆನ್ ಕೈಯೆತ್ತಿ ತಡೆದ.

"ಸಾಕು ಮಗಳೇ. ನಿಂಗೆ ಸಣ್ಣ ಕೂಸಿದೆ." ಟೋಪಿ ಹಾಕಿಕೊಂಡು ಎದ್ದ. ಬಾಗಿಲ ಬಳಿ ತಾನ್ಯೊನ ಎದುರು ಒಂದು ಕ್ಷಣ ನಿಂತ. ಬೈಯುತ್ತಾನೆಂದು ಎಲ್ಲರೂ ಕಾದರು. "ಆ ಕರಿ ಮೂತಿ ಕುರಿಗೆ ಬಾವು ಇನ್ನೂ ಇಳಿದಿಲ್ಲ. ನೋಡ್ಕೋ," ಎಂದು ಹೇಳಿ, ಚರ್ಮದ ಕೋಟಿನವರ ನಡುವೆ ಹೊರಟ.

ಜೀಪು ಇಳಿಜಾರಿನಲ್ಲಿ ಮರೆಯಾಗುವವರೆಗೂ ಸ್ತಾಮೆನ್ನನ ಹೆಂಡತಿ ನೇದಾ ಅದರ ಹಿಂದೆ ಓಡಿದಳು. ಕೈಯಲ್ಲಿದ್ದ ಉಣ್ಣೆಯ ಸ್ವೆಟರ್ ಕೈಯಲ್ಲೇ ಉಳಿಯಿತು.

ಮನೆಯಲ್ಲಿ ತಾನ್ಯೊ ಗೋಡೆಗೆ ಒರಗಿ ಕೂತಿದ್ದ. "ನಾನು ಹೇಳಿದ್ರೆ ಅವನನ್ನ ಬಿಟ್ಟು ನನ್ನ ಒಯ್ತಿದ್ರು. ಮಗೂನ ಯಾರು ಸಾಕ್ತಿದ್ರು ಹೇಳು." ವೆಲಿಕಾ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಳು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಔಷಧಿ ಮುಗಿಯಿತು. ಕುರಿಗಳ ಮೈಯಿಂದ ದಿನದಿನಕ್ಕೂ ಅದು ಇಳಿಯುತ್ತ ಬಂತು. ಹೆಪ್ಪು ಹಾಕುವುದು ಈಗ ವೆಲಿಕಾಳ ಕೆಲಸ. ಬೆಳಿಗ್ಗೆ ಹಾಲಿಗೆ ಹೆಪ್ಪು ಕದಡುವಾಗಲೆಲ್ಲ, ಹೆಪ್ಪಾಗದೇ ಇರು, ಹೀಗೇ ಇದ್ದುಬಿಡು ಎಂದು ಒಳಗೊಳಗೇ ಬೇಡಿದಳು. ಚಿಚೋ ಹೋದ ಮೇಲೂ ಹಾಲು ಹಾಲಾಗಿಯೇ ಉಳಿದರೆ ತಪ್ಪು ಅವನದಲ್ಲವೆಂದು ಊರಿಗಾದರೂ ಗೊತ್ತಾದೀತು. ಹಾಲಿಗೆ ಅವಳ ಬೇಡಿಕೆ ಕೇಳಲಿಲ್ಲ. ಒಂದು ಮಧ್ಯಾಹ್ನ ಕಂಬಳಿ ತೆಗೆದರೆ, ಮಡಕೆಗಳಲ್ಲೆಲ್ಲ ಮೊಸರು ಕೆನೆ ಕಟ್ಟಿ, ಬಿಳಿ ಕಲ್ಲಿನಂತೆ ಕೂತಿತ್ತು.

ಮಿಂಚೆವ್ ಜನರನ್ನೆಲ್ಲ ಸೇರಿಸಿ ಮಡಕೆಯೊಂದನ್ನು ಎತ್ತಿ ತಲೆಕೆಳಗು ಮಾಡಿದ. ಒಂದು ಹನಿಯೂ ಬೀಳಲಿಲ್ಲ. "ಕಂಡಿರಾ? ಕಳೆ ಕಿತ್ತ ಕೂಡಲೇ ಪೈರು ಸರಿಹೋಯ್ತು!" ಜನ ಚಪ್ಪಾಳೆ ತಟ್ಟಿದರು. ತಾನ್ಯೊನೂ ತಟ್ಟಿದ. ಕೆಲವರಿಗೆ ನಂಬಿಕೆಯೂ ಆಗಿತ್ತು. ಕಣ್ಣೆದುರಿಗೇ ಇತ್ತಲ್ಲ.

ಸ್ತಾಮೆನ್ ಹಿಂದಿರುಗಲಿಲ್ಲ. ಚಳಿಗಾಲದಲ್ಲಿ, ಕೈದಿಗಳು ಕಲ್ಲು ಒಡೆಯುವ ಶಿಬಿರದಲ್ಲಿ ಎದೆ ಹಿಡಿದು ಸತ್ತನೆಂದು ಸುದ್ದಿ ಬಂತು. ಹೆಣ ಕೊಡಲಿಲ್ಲ.

ಸತ್ತವರ ಹೆಸರಲ್ಲಿ ಹಾಕುವ ನಲವತ್ತನೇ ದಿನದ ಊಟಕ್ಕೆಂದು ಮೊಸರು ಕೇಳಲು ನೇದಾ ಡೈರಿಗೆ ಬಂದಳು. ವೆಲಿಕಾ ಒಳ್ಳೆಯ ಮಡಕೆಯೊಂದನ್ನು ಆರಿಸಿ ಮುಂದಿಟ್ಟಳು. ಮುದುಕಿ ಬೆರಳಿನಿಂದ ಮೊಸರಿನ ಮೇಲ್ಮೈ ಮೆಲ್ಲಗೆ ಒತ್ತಿ ನೋಡಿದಳು.

"ಗಟ್ಟಿಯಾಗಿದೆ," ಎಂದಳು.

"ಹೌದು ನೇದಾ ಚಿಕ್ಕಮ್ಮ."

"ಅವನದೇ ಹೆಪ್ಪು ತಾನೇ?"

"ಅವನದೇ. ಅವತ್ತೂ ಇದೇ ಹೆಪ್ಪು."

ನೇದಾ ಬೆರಳನ್ನು ಮುಂಗೈಗೆ ಒರೆಸಿಕೊಂಡಳು. ಮಡಕೆಯನ್ನು ಮೇಜಿನ ಮೇಲೆಯೇ ಬಿಟ್ಟು, ಬರಿಗೈಯಲ್ಲಿ ಹಿಮದೊಳಗೆ ಇಳಿದು ಹೋದಳು.