ಹುಣಸಿ ತ್ವಾಟ, ಚಿಂಚೇಚಾ ಮಳಾ

ಮುಂಜಾನೆ ಲಗಮಣ್ಣ ಕರೆಂಟ್ ಆಫೀಸಿಗೆ ಬಂದು, "ಹುಣಸಿ ತ್ವಾಟದಾಗ ಮೋಟಾರ ನಿಂತೈತ್ರಿ" ಎಂದು ದೂರು ಕೊಟ್ಟು ಸಂತೆಗೆ ಹೋಗಿದ್ದ. ಆಪರೇಟರ್ ಧರಣೇಂದ್ರ ಚೀಟಿ ಬರೆದು ಗೋಡೆಯ ಮೊಳೆಗೆ ಚುಚ್ಚಿದ. ಅಷ್ಟರಲ್ಲಿ ಸೊಸಾಯಿಟಿಯ ಫೋನಿನಿಂದ ಪಕ್ಕದ ಹೊಲದ ಬಾಳಾಸಾಬ ಮರಾಠಿಯಲ್ಲಿ ಕೂಗಿದ. ಚಿಂಚೇಚ್ಯಾ ಮಳ್ಯಾದಲ್ಲಿ ಕಂಬದ ತಂತಿ ಕಡಿದು ತಂತಿಬೇಲಿಯ ಮೇಲೆ ಬಿದ್ದಿದೆ, ಆಳು ಹೆಂಗಸು ಹೊಳೆವ್ವ ಅಲ್ಲೇ ಮೇವು ಕೊಯ್ಯುತ್ತಿದ್ದಾಳೆ. ಅದಕ್ಕೂ ಒಂದು ಚೀಟಿಯಾಯಿತು.

ಲೈನ್‌ಮನ್ ಮಲಕಾರಿ ಎರಡನ್ನೂ ಕಿತ್ತುಕೊಂಡು ಜಾಗದ ಹೆಸರಷ್ಟೇ ನೋಡಿದ. "ಈ ಬಿಸಲಾಗ ಎರಡ ಕಡೆ ಸೈಕಲ್ ತುಳೀಲೇನು?"

ಧರಣೇಂದ್ರನಿಗೆ ಹೊಳೆದು ನಗು ಬಂತು. "ಚಿಂಚ ಅಂದ್ರೂ ಹುಣಸಿನಽ, ಮಳಾ ಅಂದ್ರೂ ತ್ವಾಟನಽ ಅಲ್ಲೇನೋ! ತ್ವಾಟ ಒಂದಽ, ಲಗಮಣ್ಣಂದು. ತಾ ಇಲ್ಲೆ."

ಎರಡನೆಯದನ್ನು ಹರಿದು ಬುಟ್ಟಿಗೆ ಹಾಕಿದ. "ದೊಡ್ಡ ಪಂಡಿತಪ್ಪ ನೀ," ಎಂದು ಮಲಕಾರಿ ಮೊದಲನೆಯ ಚೀಟಿಯನ್ನು ಜೇಬಿಗಿಟ್ಟು ಹೊರಟ.

ಚಹಾ ಬಂತು. ಒಂದು ಗುಟುಕು ಕುಡಿದ ಧರಣೇಂದ್ರ ಥಟ್ಟನೆ ಲೋಟ ಕೆಳಗಿಟ್ಟ. ಮಲಕಾರಿಯ ಜೇಬಿನಲ್ಲಿ ಇರುವುದು ಮೋಟಾರ್ ನಿಂತ ಸುದ್ದಿ ಮಾತ್ರ. ಅವನು ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತಾನೆ, ಫ್ಯೂಜ್ ಹೋಗಿದ್ದನ್ನು ನೋಡಿ ಹೊಸ ಫ್ಯೂಜ್ ತಂತಿ ಕಟ್ಟುತ್ತಾನೆ. ಕಡಿದು ಬಿದ್ದ ತಂತಿಯಿಂದ ಕರೆಂಟು ಬೇಲಿಗೆ ಬರುತ್ತದೆ. ಹೊಳೆವ್ವ ಅಲ್ಲಿದ್ದಾಳೆ.

ಫೋನಿನ ಹಿಡಿಕೆ ತಿರುಗಿಸಿದ. ಲೈನಿನಲ್ಲಿ ಬರೀ ಗೊರಗೊರ. ಮತ್ತೆ ತಿರುಗಿಸಿದ. ಕೊನೆಗೆ ಸಬ್‌ಸ್ಟೇಷನ್ನಿನ ಪಾರಿಸ ಸಿಕ್ಕ.

"ಪಾರಿಸಣ್ಣಾ, ಹಳ್ಳಿ ಫೀಡರ್ ತಗಿ, ಕರೆಂಟ್ ಬಂದ್ ಮಾಡ! ಈಗಽ ತಗಿ!"

"ಯಾರ ಸಾಯಾಕತ್ತಾರಲೇ?"

"ಸಾಯಬಾರದಂತನಽ ಹೇಳಾಕತ್ತೀನಿ! ನಾ ಹೇಳೂತನಕಾ ಹಾಕಬ್ಯಾಡ."

ಬುಟ್ಟಿಯ ಚೂರುಗಳನ್ನು ಜೇಬಿಗೆ ತುಂಬಿಕೊಂಡು ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಒಂದೇ ಯೋಚನೆ: ಪಾರಿಸ ಫೀಡರ್ ತೆಗೆದನೋ, ಮಲಕಾರಿ ಅದಕ್ಕೂ ಮೊದಲೇ ಫ್ಯೂಜ್ ಹಾಕಿದನೋ.

ಟ್ರಾನ್ಸ್‌ಫಾರ್ಮರ್ ಹತ್ತಿರ ಮಲಕಾರಿ ಬಯ್ಯುತ್ತ ನಿಂತಿದ್ದ. "ಫ್ಯೂಜ್ ಹಾಕೀನಿ, ಕರೆಂಟಽ ಇಲ್ಲ!"

"ನಾನಽ ತಗಿಸೀನಿ. ಮೊದಲ ಫ್ಯೂಜ್ ಕೀಳು. ತಂತಿ ಬೇಲಿ ಮ್ಯಾಲೆ ಬಿದ್ದೈತಿ."

ಮಲಕಾರಿ ಗಡಬಡಿಸಿ ಫ್ಯೂಜ್ ಕಿತ್ತ. ಇಬ್ಬರೂ ಸೈಕಲ್ ಹತ್ತಿ ತೋಟಕ್ಕೆ ಬಂದರು. ತೋಟದ ಬದಿಯಲ್ಲಿ ಹೊಳೆವ್ವ ಮರದ ನೆರಳಲ್ಲಿ ಬೇಲಿಯ ತಂತಿಗೆ ಒರಗಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೂತಿದ್ದಳು. ಕಡಿದ ತಂತಿ ಮಾರು ದೂರದಲ್ಲಿ ಅದೇ ಬೇಲಿಯ ಮೇಲೆ ಜೋತಿತ್ತು.

"ಹೊಳೆವ್ವಕ್ಕಾ, ಏಳ್ ಬೇ! ಆಚೆ ಸರಿ!" ಎಂದು ಧರಣೇಂದ್ರ ಕೂಗಿದ.

"ಯಾಕೋ ತಮ್ಮಾ, ನೆಳ್ಳಿಗೂ ಬಿಲ್ ಹಾಕ್ತೀರೇನು?"

ಗೊಣಗುತ್ತಲೇ ಎದ್ದು ಅವಳು ಬೇಲಿಯಿಂದ ದೂರ ಸರಿದಳು. ಧರಣೇಂದ್ರ ಬದುವಿನ ಮೇಲೆ ಕೂತು ಮಲಕಾರಿಯ ಚೀಟಿ ಇಸಿದುಕೊಂಡ. ಚೂರುಗಳನ್ನು ಜೋಡಿಸಿ ಓದುತ್ತ, ಲಗಮಣ್ಣನ ಮಾತಿನ ಕೆಳಗೇ ಬಾಳಾಸಾಬ ಹೇಳಿದ್ದನ್ನೆಲ್ಲ ಬರೆದ. ಒಂದೇ ದೂರಿನ ನಂಬರು, ಎರಡೂ ಹೆಸರು, ಎರಡೂ ಮಾತು. ಅಕ್ಷರ ಸೊಟ್ಟಸೊಟ್ಟಗೆ ಬಂದವು.

"ಓದಿ ಕಂಬ ಹತ್ತು," ಎಂದು ಚೀಟಿ ಚಾಚಿದ.

ಮಲಕಾರಿ ಅದನ್ನು ಎರಡು ಸಲ ಓದಿದ.