ಇಪ್ಪತ್ತೆರಡರಿಂದ ಆರಕ್ಕೆ

ಹತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ ಮೇಷ್ಟ್ರು ಈಗ ಕಂಪನಿಗಳಲ್ಲಿ ತರಬೇತಿ ಕೊಡುವ ಕೆಲಸಕ್ಕೆ ಅರ್ಜಿ ಹಾಕುವವರಿದ್ದರು. ಕಂಪನಿಯೊಂದರಲ್ಲಿ ಜನರನ್ನು ಆರಿಸುವ ಅವರ ತಂಗಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರೆಸ್ಯೂಮಿನ ಮೊದಲ ಸಾಲುಗಳನ್ನು ಮುಲಾಜಿಲ್ಲದೆ ಅಳಿಸುತ್ತಿದ್ದಳು.

“‘ಸಿಲಬಸ್ ಮುಗಿಸಿದೆ’ ಅಂದ್ರೆ ಯಾರಿಗೆ ಬೇಕಣ್ಣ? ನೀನು ಕಲಿಸಿದ್ರಿಂದ ಏನು ಬದಲಾಯ್ತು, ಅದನ್ನ ಹೇಳು. ಅಂಕಿ ಸಮೇತ.”

ಮೇಷ್ಟ್ರು ತಲೆ ಕೆರೆದುಕೊಂಡರು. ಒಂದು ವರ್ಷ ಬೆಳಗ್ಗೆ ಬೇಗ ಬಂದು ವಿಶೇಷ ತರಗತಿ ತೆಗೆದುಕೊಂಡಿದ್ದರು. ಅರವತ್ತು ಮಂದಿಯಲ್ಲಿ ಫೇಲಾಗುವವರ ಸಂಖ್ಯೆ ಇಪ್ಪತ್ತೆರಡರಿಂದ ಆರಕ್ಕೆ ಇಳಿದಿತ್ತು.

ತಂಗಿಯ ಬೆರಳು ಚುರುಕಾಯಿತು: ‘ಹಿಂದುಳಿದವರಿಗೆ ಹೊಸ ತರಬೇತಿ ರೂಪಿಸಿ, ಒಂದೇ ವರ್ಷದಲ್ಲಿ ಅನುತ್ತೀರ್ಣರನ್ನು ಇಪ್ಪತ್ತೆರಡರಿಂದ ಆರಕ್ಕೆ ಇಳಿಸಿದವರು.’

“ಈ ಒಂದು ಸಾಲು ಸಾಕು, ಫೋನ್ ಬಂದೇ ಬರತ್ತೆ!”

“ಆ ವರ್ಷ ಪೇಪರ್ರೇ ಸುಲಭ ಇತ್ತು ಕಣೆ. ಪಕ್ಕದ ಸೆಕ್ಷನ್ನಲ್ಲೂ ಅಷ್ಟೇ ಇಳೀತು. ಅಲ್ಲಿ ವಿಶೇಷ ತರಗತಿನೇ ಇರ್ಲಿಲ್ಲ.”

“ಅಯ್ಯೋ, ಅದನ್ನೆಲ್ಲ ಯಾರು ಕೇಳ್ತಾರೆ?”

“ಹಾಗೆ ಕೇಳೋದನ್ನೇ ಅಲ್ವಾ ಇಷ್ಟು ವರ್ಷ ಹೇಳ್ಕೊಟ್ಟಿದ್ದು?”

ತಂಗಿ ನಿಟ್ಟುಸಿರುಬಿಟ್ಟು ಸಾಲನ್ನು ಅಳಿಸಿದಳು. ಖಾಲಿ ಜಾಗದಲ್ಲಿ ಕರ್ಸರ್ ಮಿಟುಕತೊಡಗಿತು.

“ಹಾಗಾದ್ರೆ ನೀನೇ ಹೇಳು. ಹತ್ತೊಂಬತ್ತು ವರ್ಷ ಏನು ಮಾಡ್ದೆ?”

ಮೇಷ್ಟ್ರು ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಪಾಠ ಮಾಡ್ದೆ,” ಎಂದರು.