ಕಳೆದ ವರ್ಷದ್ದು ಮಾತ್ರ ಬೇಡ

ಔಷಧಿ ಅಂಗಡಿಯಲ್ಲಿ ಅಕ್ಕನನ್ನು ಕಂಡವರು ಅವಳಿಗೆ ಪರೀಕ್ಷೆಯೊಂದು ಬಾಕಿ ಇದೆ ಎಂದರೆ ನಂಬುತ್ತಿರಲಿಲ್ಲ. ವೈದ್ಯರ ಕೋಳಿ ಕೆದಕಿದಂಥ ಬರಹವನ್ನು ದೂರದಿಂದಲೇ ಓದುವವಳು, ಕೆಮ್ಮಿನ ಸದ್ದು ಕೇಳಿಯೇ ಯಾವ ಕಪಾಟಿನ ಕಡೆ ತಿರುಗಬೇಕೆಂದು ಬಲ್ಲವಳು. ಆದರೆ ಬಲ್ಲೆ ಎಂದರೆ ಸಾಕೆ? ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿಸುವ ನೋಂದಣಿ ಪತ್ರ ಬೇಕು. ಸಂಜೆ ತರಗತಿಗೆ ಹೋಗಿ ಓದು ಮುಗಿಸಿದ್ದಳು, ಕೊನೆಯ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿದ್ದಳು. ಮೂರನೆಯದೇ ಕೊನೆಯ ಅವಕಾಶ. ಇದೂ ಹೋದರೆ ಮೊದಲಿನಿಂದ ಇಡೀ ಓದು ಮತ್ತೆ.

ಅದಕ್ಕಿಂತ ಹತ್ತಿರದ ಭಯ ಇನ್ನೊಂದಿತ್ತು. ಅಂಗಡಿಯ ನೋಂದಾಯಿತ ಔಷಧಿಕಾರರು ವಯಸ್ಸಾಗಿ ಕೆಲಸ ಬಿಡುವವರಿದ್ದರು. ಅಕ್ಕ ಪಾಸಾದರೆ ಆ ಕುರ್ಚಿ ಅವಳದು, ಇಲ್ಲವಾದರೆ ಹೊರಗಿನಿಂದ ಒಬ್ಬರು ಬರುತ್ತಾರೆ. ಇಬ್ಬರನ್ನು ಸಾಕುವಷ್ಟು ದೊಡ್ಡ ಅಂಗಡಿ ಅದಲ್ಲ. ಯಜಮಾನರು ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ, "ಚೆನ್ನಾಗಿ ಬರೀರಮ್ಮ" ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದರು. ಹಾಗೆ ಬೇರೆ ಕಡೆ ನೋಡಿದ್ದೇ ಅಕ್ಕನಿಗೆ ಹೆಚ್ಚು ಅರ್ಥವಾಯಿತು.

ಪರೀಕ್ಷೆಗೆ ವಾರ ಉಳಿದಾಗ ತಂಗಿ ಬಂದಿಳಿದಳು. ತಂಗಿ ಶಾಲೆಯ ಟೀಚರು. ಊಟದ ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ರಾಶಿ ಬಿದ್ದಿತ್ತು. ಅಮ್ಮ ತಟ್ಟೆ ಇಡಲು ಜಾಗವಿಲ್ಲದೆ ಸಿಡಿಮಿಡಿಗೊಂಡಿದ್ದಳು.

"ಪರೀಕ್ಷೆ ಇವಳಿಗೋ ನಮಗೋ ಗೊತ್ತಾಗ್ತಿಲ್ಲ. ನಾನಂತೂ ತಟ್ಟೆ ಕೈಯಲ್ಲೇ ಹಿಡ್ಕೊಂಡು ಉಣ್ಣೋದು ಕಲ್ತೆ" ಎಂದಳು.

"ನೋಡೇ, ತೊಂಬತ್ಮೂರು, ತೊಂಬತ್ತೈದು, ತೊಂಬತ್ತೇಳು" ಎಂದು ಅಕ್ಕ ಆ ಪತ್ರಿಕೆಗಳಲ್ಲಿ ತಾನೇ ತಿದ್ದಿ ಹಾಕಿಕೊಂಡ ಅಂಕಗಳನ್ನು ತೋರಿಸಿದಳು. ಮುಖದಲ್ಲಿ ಹೆಮ್ಮೆ, ಕಣ್ಣಿನ ಕೆಳಗೆ ಕಪ್ಪು.

ತಂಗಿ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ಮುಕ್ಕಾಲು ರಾಶಿ ಪಠ್ಯಕ್ರಮ ಬದಲಾಗುವ ಮುಂಚಿನದು. ಹೊಸ ಕ್ರಮದಲ್ಲಿ ಮೂರು ಭಾಗ: ಸಣ್ಣ ಪ್ರಶ್ನೆಗಳು, ಲೆಕ್ಕಗಳು, ಕೊನೆಗೆ ರೋಗಿಯ ವಿವರ ಕೊಟ್ಟು ವೈದ್ಯರ ಚೀಟಿಯಲ್ಲಿ ಏನು ತಪ್ಪಿದೆ ಎಂದು ಕೇಳುವ ಪ್ರಕರಣಗಳು. ಹಳೆಯವುಗಳಲ್ಲಿ ಆ ಮೂರನೆಯ ಭಾಗವೇ ಇಲ್ಲ. ಹೊಸ ಕ್ರಮದವು ಮೂರೇ. ಅವುಗಳಲ್ಲಿ ಎರಡು ಪೆನ್ಸಿಲಿನಿಂದ ಬರೆದು, ಅಳಿಸಿ, ಮತ್ತೆ ಬರೆದು ಸವೆದುಹೋಗಿದ್ದವು. ಮೂರನೆಯದು ಗರಿಗರಿಯಾಗಿತ್ತು.

"ಇದ್ಯಾಕೆ ಮಾಡಿಲ್ಲ?"

"ಕಳೆದ ವರ್ಷದ್ದು ಮಾತ್ರ ಬೇಡ."

"ಯಾಕಕ್ಕ?"

"ಅದನ್ನ ಹಾಲ್‌ನಲ್ಲೇ ಕೂತು ಬರ್ದಿದೀನಲ್ಲ. ಒಂದ್ಸಲ ನನ್ನ ನುಂಗಿ ನೀರು ಕುಡೀತು. ಮತ್ತೆ ಅದರ ಮುಖ ನೋಡಲ್ಲ. ಹೇಗಿದ್ರೂ ಬಂದ ಪ್ರಶ್ನೆ ಮತ್ತೆ ಬರಲ್ಲ."

ತಂಗಿ ವಾದಕ್ಕೆ ಇಳಿಯಲಿಲ್ಲ. ಟೀಚರುಗಳಿಗೆ ವಾದಕ್ಕಿಂತ ಕೆಟ್ಟ ಅಭ್ಯಾಸವೊಂದಿದೆ, ಪರೀಕ್ಷೆ ಕೊಡುವುದು. ಸವೆದ ಪತ್ರಿಕೆಯಿಂದ ಒಂದು ಲೆಕ್ಕವನ್ನು ಹಾಳೆಯ ಮೇಲೆ ಬರೆದು ಅಕ್ಕನ ಮುಂದೆ ತಳ್ಳಿದಳು. ಜ್ವರದ ಮಗು, ಕೆಜಿಗೆ ಹದಿನೈದು ಮಿಲಿಗ್ರಾಂ ಔಷಧಿ, ಐದು ಮಿಲಿ ಸಿರಪ್ಪಿನಲ್ಲಿ ನೂರಿಪ್ಪತ್ತು ಮಿಲಿಗ್ರಾಂ, ಒಂದು ಸಲಕ್ಕೆ ಎಷ್ಟು ಮಿಲಿ ಕೊಡಬೇಕು?

ಅಕ್ಕ ನಕ್ಕಳು. ಇದು ಅವಳಿಗೆ ನೀರು ಕುಡಿದಷ್ಟು ಸುಲಭ. ಪೆನ್ನು ಎತ್ತಿದವಳೇ ಏಳೂವರೆ ಎಂದು ಬರೆದಳು.

"ಮಗೂ ತೂಕ ಓದಿದ್ಯಾ?"

ಅಕ್ಕ ಓದಿದಳು. ಪತ್ರಿಕೆಯಲ್ಲಿದ್ದ ಮಗು ಹನ್ನೆರಡು ಕೆಜಿ. ತಂಗಿ ಬರೆದದ್ದು ಹದಿನಾರು. ಉತ್ತರ ಹತ್ತು ಮಿಲಿ ಆಗಬೇಕಿತ್ತು.

ಅಂಗಡಿಯಲ್ಲಿ ಅಷ್ಟು ವರ್ಷ ನಿಂತರೂ ಮಗುವಿನ ತೂಕ ಕೇಳದೆ ಒಂದು ಬಾಟಲಿ ಕೊಟ್ಟವಳಲ್ಲ ಅವಳು. ತಾಯಂದಿರು ಅವಸರ ಮಾಡಿದರೆ ಗದರಿಸಿ ತೂಗಿಸುತ್ತಿದ್ದಳು. ಅದೇ ಕೈ ಈಗ ತೂಕ ನೋಡದೆ ಉತ್ತರ ಬರೆದಿತ್ತು. ಹಾಗಾದರೆ ಆ ತೊಂಬತ್ತೇಳು ಯಾರದು? ಕಲಿತದ್ದಕ್ಕೆ ಬಂದದ್ದಲ್ಲ, ಬಾಯಿಪಾಠಕ್ಕೆ ಬಂದದ್ದು. ಅಂಕ ಏರುತ್ತಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು.

"ಹಳೇ ಕ್ರಮದವು ಅಟ್ಟಕ್ಕೆ ಹೋಗ್ಲಿ" ಎಂದಳು ತಂಗಿ, ದನಿ ತಗ್ಗಿಸಿ. "ಸವೆದಿರೋ ಎರಡು ನಿಂಗೆ ಇನ್ನೇನೂ ಹೇಳ್ಕೊಡಲ್ಲ. ಉಳಿದಿರೋದು ಇದೊಂದೇ. ಗಡಿಯಾರ ಇಟ್ಕೊಂಡು ಪೂರ್ತಿ ಬರಿ. ಈಗ್ಲೇ ಬರಿ. ಎಡವಿದ್ರೆ ಸರಿ ಮಾಡ್ಕೊಳ್ಳೋಕೆ ದಿನ ಇದೆ. ಹಿಂದಿನ ದಿನ ಬರೆದ್ರೆ ಬರೀ ಹೆದರ್ಕೆ ಉಳಿಯುತ್ತೆ."

"ನಾನು ಬರಿಯಲ್ಲ ಅಂದ್ನಲ್ಲ" ಎಂದು ಅಕ್ಕ ಎದ್ದು ಕೆಲಸಕ್ಕೆ ಹೊರಟಳು. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡಿತು.

ಆದರೂ ಮರುದಿನ ಆ ಗರಿಗರಿ ಪತ್ರಿಕೆ ಅವಳ ಚೀಲದಲ್ಲಿತ್ತು. ತಂಗಿ ಹಾಕಿದ್ದಲ್ಲ, ಅವಳೇ ಹಾಕಿಕೊಂಡದ್ದು. ವಾರದ ರಜೆಯ ದಿನ ಅದು, ಅಂಗಡಿಗೆ ಬೀಗ. ಸರಕಿನ ಕೋಣೆಯ ಕೀಲಿ ಅವಳ ಬಳಿಯೇ ಇರುತ್ತಿತ್ತು. ಮನೆಯಲ್ಲಿ ಬರೆದರೆ ಅಮ್ಮ ಬಾಗಿಲ ಸಂದಿನಲ್ಲಿ ಇಣುಕುತ್ತಾಳೆ. ಇಲ್ಲಿ ಗ್ಲೂಕೋಸಿನ ಪೆಟ್ಟಿಗೆಗಳು ಇಣುಕುವುದಿಲ್ಲ. ಒಂದು ಪೆಟ್ಟಿಗೆಯನ್ನು ಕುರ್ಚಿ ಮಾಡಿಕೊಂಡು, ಎರಡನ್ನು ಮೇಜು ಮಾಡಿಕೊಂಡು, ಫೋನಿನಲ್ಲಿ ಮೂರು ಗಂಟೆಯ ಅಲಾರಂ ಇಟ್ಟಳು.

ಮೊದಲ ಭಾಗ ಸಲೀಸಾಗಿ ಸಾಗಿತು. ಲೆಕ್ಕಗಳ ಭಾಗಕ್ಕೆ ಬಂದಳು. ಅಲ್ಲೇ ಇತ್ತು ಅದು, ಅವಳನ್ನು ನುಂಗಿದ ಪ್ರಶ್ನೆ. ಸಾವಿರ ಮಿಲಿ ದ್ರಾವಣ ಎಂಟು ಗಂಟೆಯಲ್ಲಿ ರೋಗಿಗೆ ಹೋಗಬೇಕು. ಒಂದು ಮಿಲಿಗೆ ಇಪ್ಪತ್ತು ಹನಿ. ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು?

ಮಾಡಿದಳು. ನಲವತ್ತೊಂದು ಪಾಯಿಂಟ್ ಆರು ಆರು ಆರು. ಕಳೆದ ವರ್ಷವೂ ಇದೇ ಬಂದಿತ್ತು. ಹಳೆಯ ಪತ್ರಿಕೆಗಳ ಲೆಕ್ಕಗಳೆಲ್ಲ ಮಾತು ಕೇಳುವ ಮಕ್ಕಳ ಹಾಗೆ ಇಪ್ಪತ್ತೈದು, ಮೂವತ್ತು, ಐವತ್ತು ಎಂದು ನೀಟಾಗಿ ಬಂದು ಕೂರುತ್ತಿದ್ದವು. ಇದು ಮಾತ್ರ ಮುರಿದು ಬಂದಿತ್ತು. ಮುರಿದು ಬಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ ಎಂದು ಆ ದಿನ ಹಾಲ್‌ನಲ್ಲಿ ಅಳಿಸಿದ್ದಳು. ಮತ್ತೆ ಮಾಡಿದ್ದಳು, ಮತ್ತೆ ಅಳಿಸಿದ್ದಳು. ಕಾಗದ ತೂತು ಬೀಳುವ ಹೊತ್ತಿಗೆ ಗಂಟೆ ಹೊಡೆದಿತ್ತು. ಕೊನೆಯ ಎರಡು ಪ್ರಕರಣಗಳನ್ನು ಓದಿರಲೂ ಇಲ್ಲ.

ಈ ಸಲ ಹಲ್ಲು ಕಚ್ಚಿ, ಬಂದದ್ದನ್ನೇ ಬರೆದು, ಮುಂದಕ್ಕೆ ಹೋದಳು. ಕೊನೆಯ ಪ್ರಕರಣ ಮುಗಿಸಿ ತಲೆ ಎತ್ತಿದಾಗ ಅಲಾರಂ ಇನ್ನೂ ಹೊಡೆದಿರಲಿಲ್ಲ.

ಸಂಜೆ ತಂಗಿ ಪರೀಕ್ಷಾ ಮಂಡಳಿಯ ಉತ್ತರಸೂಚಿ ಹಿಡಿದು ತಿದ್ದಲು ಕುಳಿತಳು. ಅಕ್ಕ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು.

"ಆ ಹನಿ ಲೆಕ್ಕ ತಪ್ಪು ಅಲ್ವಾ?"

"ಸರಿ ಇದ್ಯಲ್ಲ. ನಲವತ್ತೊಂದು ಪಾಯಿಂಟ್ ಆರು ಆರು, ಅಂದ್ರೆ ಸುಮಾರು ನಲವತ್ತೆರಡು ಹನಿ ಅಂತ ಕೊಟ್ಟಿದಾರೆ. ನೀನು ನಲವತ್ತೆರಡು ಅಂತ ಕೊನೇಲಿ ಬರೀಬೇಕಿತ್ತು, ಅಷ್ಟೇ."

"ಮುರಿದು ಬಂದಿದೆಯಲ್ಲೇ!"

"ಬರ್ಲಿ ಬಿಡು. ಹನೀಲಿ ಅರ್ಧ, ಕಾಲು ಅಂತ ಇರುತ್ತೇನಕ್ಕ? ಬಿದ್ರೆ ಪೂರ್ತಿ ಬೀಳುತ್ತೆ."

ಅಕ್ಕ ಕುಸಿದು ಕುಳಿತಳು. ಹಾಗಾದರೆ ಅಂದು ಮೊದಲ ಸಲವೇ ಸರಿ ಮಾಡಿದ್ದಳು. ತನಗೆ ಲೆಕ್ಕ ಹತ್ತುವುದಿಲ್ಲ ಎಂದು ಇಡೀ ವರ್ಷ ಲೆಕ್ಕವನ್ನೇ ತಿಕ್ಕಿದ್ದಳು. ಉತ್ತರಸೂಚಿ ಅಷ್ಟು ಕಾಲ ಇದೇ ಮನೆಯಲ್ಲಿತ್ತು, ತೆರೆದು ನೋಡುವ ಧೈರ್ಯವಾಗಿರಲಿಲ್ಲ. ಇನ್ನು ಅಂದು ಓದದೆ ಬಿಟ್ಟ ಆ ಪ್ರಕರಣಗಳು? ಒಂದರಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಮುದುಕನಿಗೆ ಯಾರೋ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ರಕ್ತಸ್ರಾವವಾದೀತು ಎಂದು ಅವಳು ಅಂಗಡಿಯಲ್ಲಿ ಎಷ್ಟು ಜನರನ್ನು ವಾಪಸ್ ವೈದ್ಯರ ಬಳಿಗೆ ಅಟ್ಟಿದ್ದಾಳೋ! ಅವಳಿಗೆ ಅನ್ನ ಹಾಕುವ ವಿದ್ಯೆಯೇ ಅದು. ಅದನ್ನೇ ಖಾಲಿ ಬಿಟ್ಟು ಬಂದಿದ್ದಳು.

ಅವಳಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಏನಾಯ್ತೇ? ಫೇಲಾ?"

"ಇಲ್ಲಮ್ಮ, ಪಾಸು" ಎಂದಳು ತಂಗಿ. "ಒಂದು ವರ್ಷ ತಡವಾಗಿ."

ಅಂಕ ಎಂಬತ್ತೊಂದು. ತೊಂಬತ್ತೇಳಕ್ಕಿಂತ ಕಡಿಮೆ, ಆದರೆ ಅವಳದೇ. ಮುಂದಿನ ದಿನಗಳಲ್ಲಿ ಪೂರ್ತಿ ಪತ್ರಿಕೆ ಯಾವುದನ್ನೂ ಮುಟ್ಟಲಿಲ್ಲ. ಹೋದ ಹತ್ತೊಂಬತ್ತು ಅಂಕ ಎಲ್ಲಿ ಹೋಯಿತೆಂದು ಹುಡುಕಿ ಅಷ್ಟನ್ನೇ ಓದಿದಳು. ತಂಗಿ ಸವೆದ ಪತ್ರಿಕೆಗಳ ರೋಗಿಗಳಿಗೆ ವಯಸ್ಸು, ತೂಕ, ಕಾಯಿಲೆ ಬದಲಿಸಿ ಕೊಟ್ಟಳು. ಒಬ್ಬ ಮುದುಕನಿಗೆ ಬಸಿರು ಕೂಡ ಬರೆದುಬಿಟ್ಟಿದ್ದಳು. "ಇದು ಚೀಟೀಲಿರೋ ತಪ್ಪಲ್ಲ, ನಿನ್ನ ತಪ್ಪು" ಎಂದು ಅಕ್ಕ ಅವಳ ತಲೆಗೆ ಮೊಟಕಿದಳು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಯಜಮಾನರು ಒಂದು ದಪ್ಪ ಲಕೋಟೆ ತಂದು ಅಕ್ಕನ ಮುಂದಿಟ್ಟರು. ಯಾವುದೋ ಕೋಚಿಂಗ್‌ನವರ ಮಾದರಿ ಪತ್ರಿಕೆ. "ಎಲ್ಲಾರೂ ಇದನ್ನೇ ಮಾಡ್ತಿದಾರಂತಮ್ಮ. ಇವತ್ತೊಂದು ಮಾಡಿಬಿಡಿ, ಧೈರ್ಯ ಬರುತ್ತೆ" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು.

ಅಕ್ಕ ಮೊದಲ ಪುಟ ತೆರೆದಳು. ಮೊದಲ ಪ್ರಶ್ನೆಯಲ್ಲಿದ್ದ ಔಷಧಿಯ ಹೆಸರೇ ಅವಳು ಕೇಳಿದ್ದಲ್ಲ. ಇದನ್ನು ಮಾಡದೆ ಹೋದರೆ, ನಾಳೆ ಇದೇ ಬಂದುಬಿಟ್ಟರೆ? ಬೆರಳು ಎರಡನೆಯ ಪುಟದ ಅಂಚಿಗೆ ಹೋಯಿತು. ಅಲ್ಲಿಯೇ ತುಸು ಹೊತ್ತು ನಿಂತಿತು. ಇಂದು ಎಡವಿದರೆ ಸರಿ ಮಾಡಿಕೊಳ್ಳಲು ದಿನವಿಲ್ಲ, ಬರೀ ಹೆದರಿಕೆ ಉಳಿಯುತ್ತದೆ.

"ನಾಳೆ ಬರೆದು ಬಂದ್ಮೇಲೆ ನೋಡ್ತೀನಿ ಯಜಮಾನ್ರೇ" ಎಂದು ಲಕೋಟೆ ಮುಚ್ಚಿ ಅವರ ಕೈಗೇ ಕೊಟ್ಟಳು. ಮನೆಗೆ ಹೋಗಿ ತಂಗಿಗೆ ಲಕೋಟೆಯ ವಿಷಯ ಹೇಳಿ, ಅಮ್ಮನ ಜೊತೆ ಕೂತು ಬಟ್ಟೆ ಮಡಿಸಿದಳು. ಊಟದ ಮೇಜು ಖಾಲಿಯಾಗಿತ್ತು, ಅಮ್ಮ ತಟ್ಟೆಗಳನ್ನು ಮೆರವಣಿಗೆಯಂತೆ ಜೋಡಿಸಿಟ್ಟಳು.

ಮರುದಿನ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ತಂಗಿ ಕಾಯುತ್ತಿದ್ದಳು. ಒಳಗಿನಿಂದ ಬಂದವರೆಲ್ಲ ಗುಂಪುಗೂಡಿ ಉತ್ತರ ತಾಳೆ ನೋಡುತ್ತಿದ್ದರು. ಒಬ್ಬಳು ಅಳುತ್ತಿದ್ದಳು. ಕೊನೆಯವರ ಸಾಲಿನಲ್ಲಿ ಅಕ್ಕ ಬಂದಳು. ಮುಖ ನೋಡಿ ಏನೂ ಗೊತ್ತಾಗಲಿಲ್ಲ.

"ಹೊಸ ಔಷಧಿಗಳ ಹೆಸ್ರು ಬಂದಿತ್ತಾ?"

"ಒಂದೆರಡು. ಗೊತ್ತಿರಲಿಲ್ಲ."

"ಮತ್ತೆ ಹನಿ ಲೆಕ್ಕ?"

"ಬಂದಿತ್ತು. ಮೂವತ್ತೊಂದೂ ಕಾಲು."

ತಂಗಿ ಅವಳ ತೋಳು ಹಿಡಿದಳು. "ಏನ್ ಮಾಡ್ದೆ?"

"ಮೂವತ್ತೊಂದು ಅಂತ ಬರೆದು ಪುಟ ತಿರುಗಿಸ್ದೆ" ಎಂದಳು ಅಕ್ಕ. "ಖಾಲಿ ಒಂದೂ ಬಿಟ್ಟಿಲ್ಲ ಕಣೇ."